ಕಚ್ಚುತ್ತಾಳೆ ಎಂಬ ಸಾಲು

"ಇದು ಯಾರ ಮಗು ಮೇಡಂ?" ಎಂದು ನರ್ಸರಿಯ ಮುಖ್ಯ ಟೀಚರ್ ಹಾಳೆಯೊಂದನ್ನು ಮೇಜಿನ ಮೇಲೆ ತಿರುಗಿಸಿ ಮುಂದಕ್ಕೆ ತಳ್ಳಿದರು.

ಯಾರ ಮಗು ಅಂದರೆ ಏನರ್ಥ? ತಾಯಿಗೆ ಅಲ್ಲೇ ಅರ್ಧ ಕೋಪ ಬಂತು. ಬೆಳಿಗ್ಗೆಯಿಂದ ಲ್ಯಾಬಿನಲ್ಲಿ ನಿಂತು, ಬಂದವರ ತೋಳಿಗೆಲ್ಲ ಪಟ್ಟಿ ಕಟ್ಟಿ, ನರ ಹುಡುಕಿ, ರಕ್ತ ತೆಗೆದು, ಸೀಸೆಗೆ ಹೆಸರಿನ ಚೀಟಿ ಅಂಟಿಸಿ ಸಾಕಾಗಿತ್ತು. ಶಾಲೆಯಿಂದ ಫೋನ್ ಬಂತೆಂದು ಊಟವನ್ನೂ ಬಿಟ್ಟು ಓಡಿ ಬಂದಿದ್ದಳು. ಈಗ ಈ ಪ್ರಶ್ನೆ. ಆದರೂ ತಡೆದುಕೊಂಡು ಹಾಳೆಯನ್ನು ನೋಡಿದಳು. ಕೆಂಪು ಪೆನ್ನಿನ ಗೆರೆಗಳು ಸಾಲುಸಾಲಿಗೂ ಇದ್ದವು.

"ನನ್ನ ಮಗಳು ಹೂವಿನಂಥ ಮನಸ್ಸಿನವಳು. ಅವಳು ತನ್ನ ಆಟಿಕೆಗಳನ್ನು ಎಲ್ಲರೊಂದಿಗೆ ಹಂಚಿಕೊಳ್ಳುತ್ತಾನೆ. ಅವಳು ಚಿಟ್ಟೆಯ ಹಿಂದೆ ಕುತೂಹಲದಿಂದ ಓಡುತ್ತಾನೆ. ತನ್ನ ವಯಸ್ಸಿನ ಇತರ ಮಕ್ಕಳಿಗೆ ಹೋಲಿಸಿದರೆ ಅವಳು ಬಹಳ ಮುಂದಿದ್ದಾನೆ."

ಒಂದು ಕ್ಷಣ ಅವಳಿಗೆ ಏನೂ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಹೊಳೆದ ಕೂಡಲೇ ಕಿವಿಯ ತುದಿಯವರೆಗೆ ಮುಖ ಬಿಸಿಯಾಯಿತು. ಇದು ಯಾವನೋ ಹುಡುಗನ ಪತ್ರ. "ಅವನು" ಇದ್ದ ಕಡೆಯಲ್ಲೆಲ್ಲ "ಅವಳು" ಎಂದು ಕೂರಿಸಿದ್ದರು. ಕ್ರಿಯಾಪದದ ಬಾಲ ಮಾತ್ರ ಹಳೆಯದೇ ಉಳಿದುಕೊಂಡಿತ್ತು.

"ಈ ವರ್ಷ ಅರ್ಧ ಊರಿನ ಮಕ್ಕಳು ಇದೇ ಚಿಟ್ಟೆ ಹಿಂದೆ ಓಡಿದ್ದಾರೆ," ಎಂದರು ಮುಖ್ಯ ಟೀಚರ್. ನಗಲೂ ಇಲ್ಲ, ಬೈಯಲೂ ಇಲ್ಲ. ಅದು ಇನ್ನೂ ಉರಿಸಿತು. "ಪಾಪ, ಆ ಚಿಟ್ಟೆಗೆ ಸುಸ್ತಾಗಿರಬೇಕು. ಉಳಿದೋರು ಜಾಣತನ ಮಾಡಿ 'ಮಗು ಓಡುತ್ತದೆ' ಅಂತ ಬರೆಸ್ತಾರೆ. ಮಗು ಅಂದ್ರೆ ಗಂಡೂ ಆಯ್ತು, ಹೆಣ್ಣೂ ಆಯ್ತು. ಸಿಕ್ಕಿಬೀಳಲ್ಲ. ನಿಮ್ಮದು ಸಿಕ್ಕಿಬಿತ್ತು."

"ನಾನು ಬರೆದಿದ್ದಲ್ಲ ಇದು."

"ಗೊತ್ತಾಯ್ತು. ಅದಕ್ಕೇ ಕರೆಸಿದ್ದು. ಅರ್ಜಿ ಜೊತೆ ಕೊಟ್ಟ ಸೂಚನೆಯಲ್ಲೇ ಹಾಕಿದ್ವಿ. ಒಂದು ಪುಟ, ಹೆತ್ತವರ ಸ್ವಂತ ಮಾತು. ಹೊಗಳಿಕೆ ಬೇಡ. ಬೇರೆ ಮಕ್ಕಳ ಜೊತೆ ಹೋಲಿಕೆ ಬೇಡ. ನಮ್ಮ ಜಾಗ ನಿಮ್ಮ ಮಗುಗೆ ಯಾಕೆ ಒಗ್ಗುತ್ತೆ ಅಂತ ನಿಮಗೆ ಅನ್ಸುತ್ತೋ ಅಷ್ಟು ಮಾತ್ರ. ಅದನ್ನ ಓದ್ಕೊಂಡೇ ನಾವು ಮಗೂನ ಒಂದು ಬೆಳಿಗ್ಗೆ ಕರೀತೀವಿ, ಆಡೋಕೆ ಬಿಡ್ತೀವಿ. ಇದನ್ನ ಓದ್ಕೊಂಡು ಯಾರನ್ನ ಕರೀಲಿ ಹೇಳಿ?"

ಅವಳು ಹಾಳೆಯನ್ನು ಮಡಿಸಿ ಚೀಲಕ್ಕೆ ತುರುಕಿದಳು. "ನಾಳೆ ಬೆಳಿಗ್ಗೆ ತಂದುಕೊಡ್ತೀನಿ," ಎಂದಳು. ಥ್ಯಾಂಕ್ಸ್ ಹೇಳಬೇಕು ಅನ್ನಿಸಿತು, ಬಾಯಿಗೆ ಬರಲಿಲ್ಲ. ಇನ್ನೊಂದು ಅವಕಾಶ ಕೊಟ್ಟವರ ಮೇಲೇ ಸಿಟ್ಟು ಬರುವುದು ಎಂಥ ನ್ಯಾಯವೋ ಏನೋ, ಆದರೆ ಬಂದಿತ್ತು.

ಗೇಟಿನ ಎದುರಿಗೇ ಜೆರಾಕ್ಸ್ ಅಂಗಡಿ. ಗಾಜಿನ ಮೇಲೆ "ನರ್ಸರಿ ಪತ್ರ ಇಲ್ಲಿ ಬರೆದುಕೊಡಲಾಗುವುದು" ಎಂದು ರಾಜಾರೋಷವಾಗಿ ಅಂಟಿಸಿದ್ದರು. ಅವಳು ರಸ್ತೆ ದಾಟಿ ಹೋಗಿ ಹಾಳೆಯನ್ನು ಕೌಂಟರ್ ಮೇಲೆ ಹರಡಿದಳು. ಅಂಗಡಿಯವನು ಕನ್ನಡಕ ಏರಿಸಿ ಓದಿದ. ಎರಡನೇ ಸಾಲಿಗೆ ನಾಲಗೆ ಕಚ್ಚಿಕೊಂಡ.

"ಅಯ್ಯೋ ಮೇಡಂ, ಕಂಪ್ಯೂಟರಲ್ಲಿ 'ಅವನು' ಹುಡುಕಿ 'ಅವಳು' ಹಾಕು ಅಂದ್ರೆ ಅದಷ್ಟೇ ಹಾಕುತ್ತೆ. ಬಾಲ ಕೈಯಲ್ಲಿ ತಿದ್ದಬೇಕು. ನಿಮ್ಮ ಯಜಮಾನ್ರು ಅವಸರ ಅಂದ್ರು. ತನ್ನಿ, ಎರಡೇ ನಿಮಿಷ. ಫ್ರೀಯಾಗಿ ತಿದ್ದಿಕೊಡ್ತೀನಿ."

"ನನ್ನ ಮಗಳನ್ನ ಒಂದ್ಸಲನಾದ್ರೂ ನೋಡಿದೀರೇನ್ರೀ ನೀವು?"

"ಎಲ್ಲಾ ಮಕ್ಕಳೂ ಒಂದೇ ಅಲ್ವಾ ಮೇಡಂ," ಎಂದು ಅವನು ಹಲ್ಲು ಬಿಟ್ಟ.

ಅವಳು ಅಲ್ಲಿ ಇನ್ನೊಂದು ಕ್ಷಣ ನಿಂತಿದ್ದರೆ ಅವನ ಪ್ರಿಂಟರ್ ನೆಲ ಕಾಣುತ್ತಿತ್ತು. ಅದಕ್ಕೇ ನಿಲ್ಲಲಿಲ್ಲ.

ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಗಂಡನನ್ನು ಬೈದಳು. ಲ್ಯಾಬಿನಲ್ಲಿ ಒಬ್ಬರ ರಕ್ತಕ್ಕೆ ಇನ್ನೊಬ್ಬರ ಚೀಟಿ ಅಂಟಿಸಿದರೆ ಕೆಲಸ ಹೋಗುತ್ತದೆ. ಮಗಳಿಗೆ ಊರ ಮಗುವಿನ ಚೀಟಿ ಅಂಟಿಸಿದ ಅಪ್ಪನಿಗೆ ಏನು ಮಾಡಬೇಕು? "ನೀನು ಡ್ಯೂಟಿಗೆ ಹೋಗು, ಪತ್ರ ನಾನು ನೋಡ್ಕೋತೀನಿ," ಎಂದಿದ್ದ ಮಹಾರಾಯ. ನೋಡಿಕೊಂಡಿದ್ದು ಹೀಗೆ.

ಈ ಶಾಲೆ ತಪ್ಪಿದರೆ ಬೇರೆ ಇರಲಿಲ್ಲ, ಅವಳ ಸಂಕಟ ಅದು. ಮಗಳನ್ನು ಮೊದಲು ಬಿಟ್ಟಿದ್ದ ಪ್ಲೇಹೋಮಿನವರು ಮೂರೇ ತಿಂಗಳಿಗೆ ಮನೆಗೆ ಕಳಿಸಿದ್ದರು. "ನಿಮ್ಮ ಹುಡುಗಿ ಕಚ್ಚುತ್ತೆ, ಬೇರೆ ಮಕ್ಕಳ ಅಪ್ಪ ಅಮ್ಮ ನಮ್ಮನ್ನ ಸುಮ್ನೆ ಬಿಡ್ತಾರಾ?" ಎಂದು ಬಾಗಿಲಲ್ಲೇ ನಿಲ್ಲಿಸಿ ಚೀಲ ಕೈಗೆ ಕೊಟ್ಟಿದ್ದರು. ಸುತ್ತಮುತ್ತ ವಿಚಾರಿಸಿದ ಎರಡು ಕಡೆ ಸುದ್ದಿ ಇವಳಿಗಿಂತ ಮೊದಲೇ ಹೋಗಿ ಕೂತಿತ್ತು. ಮನೆಯಲ್ಲಿ ಅತ್ತೆ ನೋಡಿಕೊಳ್ಳುತ್ತಿದ್ದರು, ಆದರೆ ಅವರಿಗೆ ಬರುವ ತಿಂಗಳು ಕಣ್ಣಿನ ಆಪರೇಷನ್. ಶಾಲೆ ಸಿಗದಿದ್ದರೆ ಇವಳು ಕೆಲಸ ಬಿಡಬೇಕು. ಅದೂ ಹೋಗಲಿ ಎನ್ನಬಹುದು. ಮೂರೂವರೆ ವರ್ಷದ ಕೂಸಿಗೆ ಊರೆಲ್ಲ ಸೇರಿ "ಕಚ್ಚೋ ಹುಡುಗಿ" ಎಂದು ಹೆಸರಿಟ್ಟರೆ, ಅದನ್ನು ಯಾವ ರಬ್ಬರಿನಿಂದ ಅಳಿಸುವುದು?

ಮನೆಯಲ್ಲಿ ಆ ಕೂಸಿಗೆ ಮೆಣಸು ಎಂದು ಹೆಸರು. ಅತ್ತೆ ಇಟ್ಟದ್ದು. ಅಳತೆ ಇಷ್ಟೇ ಇಷ್ಟು, ಘಾಟು ಮನೆ ತುಂಬ.

ಗಂಡ ಸಂಜೆ ಟೈಲ್ಸ್ ಶೋರೂಮಿನಿಂದ ಬಂದು ಬೂಟು ಬಿಚ್ಚುವ ಮೊದಲೇ ಅವಳು ಹಾಳೆಯನ್ನು ಮುಖಕ್ಕೆ ಹಿಡಿದಳು.

"ಓದಿ. ಜೋರಾಗಿ ಓದಿ. ನಿಮ್ಮ ಮಗ ಎಷ್ಟು ಮುಂದಿದ್ದಾನೆ ಅಂತ ಎಲ್ಲರಿಗೂ ಕೇಳಿಸಲಿ."

ಗಂಡ ಓದಿದ. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುವುದೊಂದು ಬಾಕಿ. "ಒಂದಕ್ಷರ ತಪ್ಪಾಗಿದೆ ಕಣೇ. ಅದಕ್ಕೆ ಇಷ್ಟೊಂದು ರಂಪ ಯಾಕೆ?"

"ಒಂದಕ್ಷರಾನಾ? ಚಿಟ್ಟೆ ಹಿಂದೆ ಯಾವತ್ತು ಓಡಿದ್ಲು ನಮ್ಮ ಮಗಳು? ಆಟಿಕೆ ಯಾವತ್ತು ಹಂಚಿದ್ಲು? ಇದರಲ್ಲಿ ಒಂದೇ ಒಂದು ಮಾತು ನಮ್ಮ ಮಗಳದ್ದು ಇದ್ರೆ ತೋರಿಸಿ ನೋಡೋಣ."

"ನೋಡು, ಗಿರಾಕಿ ಬಂದಾಗ ನಾನು ಟೈಲ್ಸಿನ ಬಿರುಕು ತೋರಿಸ್ತೀನಾ? ಹೊಳಪು ತೋರಿಸ್ತೀನಿ. ವ್ಯಾಪಾರ ಅಂದ್ರೆ ಹಾಗೇ."

"ಅವಳು ಟೈಲ್ಸ್ ಅಲ್ಲ!"

ಇಷ್ಟು ಜೋರಾಗಿ ಕೂಗಿದ್ದಕ್ಕೆ ಒಳಗಿನ ಕೋಣೆಯಿಂದ ಅತ್ತೆ ಗೋಡೆ ಹಿಡಿದುಕೊಂಡು ಬಂದರು. ಹಿಂದೆಯೇ ಮೆಣಸು ಬಂತು, ಒಂದು ಕಾಲಿಗೆ ಮಾತ್ರ ಕಾಲುಚೀಲ. ಇನ್ನೊಂದು ಕಾಲಿನದು ಕೈಯಲ್ಲಿತ್ತು. ನೆಲದ ಮೇಲೆ ಕೂತು ಅದರ ಬಾಯಿ ಹುಡುಕತೊಡಗಿತು. ಹಿಮ್ಮಡಿ ಮೇಲೆ ಬಂತು. ಬಿಚ್ಚಿತು. ಮತ್ತೆ ಹಾಕಿತು.

"ಕೊಡು ಪುಟ್ಟಾ, ನಾನು ಹಾಕ್ತೀನಿ," ಎಂದು ಗಂಡ ಬಗ್ಗಿದ.

"ನಾನೇ!" ಎಂದಿತು ಮೆಣಸು. ಅದರ ಮಾತಿನಲ್ಲಿ ಅರ್ಧ ಅದೊಂದೇ ಶಬ್ದ. ಊಟಕ್ಕೂ ನಾನೇ, ಸ್ನಾನಕ್ಕೂ ನಾನೇ, ಬಾಗಿಲ ಚಿಲಕಕ್ಕೂ ನಾನೇ. ಗಂಡ ಕೈ ಹಿಂದೆಗೆದುಕೊಂಡ. ಅವನ ಮಣಿಕಟ್ಟಿನ ಮೇಲೂ ಹಳೆಯ ಗುರುತೊಂದಿತ್ತು.

ವಿಷಯ ತಿಳಿದ ಅತ್ತೆ ತಮ್ಮ ಪಾಲಿನ ಸಲಹೆ ಕೊಟ್ಟರು. "ಪಾಪದ ಮಗು ಅಂತ ಬರೀರಿ ಸಾಕು. ಎಲ್ಲಿ ಕೂರಿಸಿದ್ರೆ ಅಲ್ಲೇ ಕೂತಿರುತ್ತೆ ಅಂತ. ನನ್ನ ಮಗಳ ಮಗನಿಗೆ ಹಾಗೇ ಬರೆಸಿದ್ರಂತೆ. ಅವನೇನು, ಎರಡು ವರ್ಷಕ್ಕೇ ಬಾಯಿಪಾಠ ಎಲ್ಲಾ ಒಪ್ಪಿಸ್ತಿದ್ದ. ಇದು ಇನ್ನೂ..."

"ಅತ್ತೆ, ಅವನ ಸುದ್ದಿ ಈಗ ಬೇಡ."

"ನಾನೇನು ಕೆಟ್ಟದ್ದು ಹೇಳಿದ್ನೇ? ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಸರಿ. ಆದ್ರೆ ಹೆಗ್ಗಣಾನ ಹೆಗ್ಗಣ ಅಂತ ಬರೆದುಕೊಟ್ರೆ ಯಾರು ಸೇರಿಸ್ಕೋತಾರೆ?"

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅತ್ತೆ ಕೆಟ್ಟವರಲ್ಲ. ಮೆಣಸು ಒಂದು ತುತ್ತಿಗೆ ಹತ್ತು ನಿಮಿಷ ತೆಗೆದುಕೊಂಡರೂ ಪಕ್ಕದಲ್ಲಿ ಕೂತು ಬಟ್ಟಲು ಹಿಡಿದವರು ಅವರೇ. ಆದರೆ ಬಾಯಿ ತೆಗೆದರೆ ಮಗಳ ಮಗ. ಈ ಮನೆಯಲ್ಲಿ ಒಂದು ಮಗುವನ್ನು ನೋಡಬೇಕಾದರೆ ಇನ್ನೊಂದು ಮಗುವನ್ನು ಪಕ್ಕದಲ್ಲಿ ನಿಲ್ಲಿಸಲೇಬೇಕು. ನಿಲ್ಲಿಸದೆ ನೋಡುವ ಕಣ್ಣೇ ಯಾರಿಗೂ ಇಲ್ಲ.

ಅಡುಗೆಮನೆಯ ಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡು ನಿಂತೇ ಬರೆಯಲು ಶುರುಮಾಡಿದಳು. "ನಮ್ಮ ಮಗಳು ತುಂಬಾ ಜಾಣೆ." ಹೊಡೆದುಹಾಕಿದಳು. ಜಾಣೆ ಎಂದರೆ ಹೊಗಳಿಕೆ. "ನಮ್ಮ ಮಗಳು ಬೇರೆ ಮಕ್ಕಳ ಹಾಗೆ ಹಠಮಾರಿಯಲ್ಲ." ಅದೂ ಹೋಯಿತು. ಅದು ಹೋಲಿಕೆ, ಮೇಲಾಗಿ ಸುಳ್ಳು. "ನಮ್ಮ ಮಗಳು ಎಲ್ಲರಂತಲ್ಲ." ಇಲ್ಲೂ ಎಲ್ಲರೂ ಬಂದು ಕೂತರು. "ಸ್ವಲ್ಪ ನಿಧಾನ." ಯಾರಿಗಿಂತ ನಿಧಾನ?

ಆಗ ಅವಳಿಗೆ ತನ್ನ ಮೇಲೇ ಕೋಪ ಬಂತು. ಅತ್ತೆಯನ್ನು ಬೈದದ್ದೇ ಬೈದದ್ದು, ತನ್ನ ಪೆನ್ನಿನಿಂದಲೂ ಅದೇ ಇಳಿಯುತ್ತಿದೆ. ಮೂರೂವರೆ ವರ್ಷ ಎದೆಗವಚಿಕೊಂಡ ಮಗುವಿನ ಬಗ್ಗೆ, ಪಕ್ಕದ ಮನೆಯ ಮಗುವನ್ನು ಎಳೆದು ತರದೆ ನಾಲ್ಕು ಸಾಲು ಬರೆಯಲು ಬರುವುದಿಲ್ಲವೆಂದರೆ! ಹಾಳೆಯನ್ನು ಮುದ್ದೆ ಮಾಡಿ ಎಸೆದಳು. ಇನ್ನೊಂದು ತೆಗೆದುಕೊಂಡಳು. ಅದೂ ಮುದ್ದೆಯಾಯಿತು.

ಕೊನೆಗೆ ಪೆನ್ನು ಇಟ್ಟು, ಬಾಗಿಲಿಗೆ ಒರಗಿ, ಮೆಣಸನ್ನೇ ನೋಡುತ್ತ ನಿಂತಳು. ಅದು ಅಡುಗೆಮನೆಯ ಕೆಳಗಿನ ಕಪಾಟಿನಿಂದ ಡಬ್ಬಿಗಳನ್ನೆಲ್ಲ ಹೊರಗೆಳೆದು, ಯಾವ ಡಬ್ಬಿಗೆ ಯಾವ ಮುಚ್ಚಳ ಎಂದು ಒಂದೊಂದಾಗಿ ಒತ್ತಿ ನೋಡುತ್ತಿತ್ತು. ಕೂರದಿದ್ದರೆ ಪಕ್ಕಕ್ಕೆ. ಕೂತರೆ ಒಂದು ಸಣ್ಣ "ಹೂಂ". ಯಾರನ್ನೂ ಕರೆಯಲಿಲ್ಲ, ಯಾರಿಗೂ ತೋರಿಸಲಿಲ್ಲ. ತಾಯಿ ಮತ್ತೆ ಪೆನ್ನು ಹಿಡಿದಳು. ಈ ಸಲ ಲ್ಯಾಬಿನಲ್ಲಿ ಬರೆಯುವ ಹಾಗೆ, ಕಂಡದ್ದನ್ನು ಕಂಡ ಹಾಗೆ ಬರೆದಳು.

"ನಮ್ಮ ಮಗಳಿಗೆ ಮೂರೂವರೆ ವರ್ಷ. ತನ್ನ ಕೆಲಸ ತಾನೇ ಮಾಡಿಕೊಳ್ಳಬೇಕು ಅವಳಿಗೆ. ಶೂ ಹಾಕಿಕೊಳ್ಳಲು ಬಹಳ ಹೊತ್ತು ಬೇಕು. ಎಡಬಲ ತಪ್ಪುತ್ತದೆ. ತಪ್ಪಿದ್ದು ತಿಳಿದರೆ ಬಿಚ್ಚಿ ಮತ್ತೆ ಹಾಕಿಕೊಳ್ಳುತ್ತಾಳೆ. ಆಗ ಕಾಯಬೇಕು. ಡಬ್ಬಿಗಳಿಗೆ ಮುಚ್ಚಳ ಹುಡುಕುವುದು, ನೀರು ಸುರಿಯುವುದು ಇಷ್ಟ. ಹೊಸಬರ ಜೊತೆ ಮೊದಲ ದಿನ ಮಾತಾಡುವುದಿಲ್ಲ. ನಿದ್ದೆ ಬಂದರೆ ಕಿವಿ ತಿಕ್ಕಿಕೊಳ್ಳುತ್ತಾಳೆ. ಹಿಂದಿನಿಂದ ಬಂದು ಎತ್ತಿದರೆ, ಕೈಯಲ್ಲಿ ಇದ್ದದ್ದನ್ನು ಹೇಳದೆ ಕಿತ್ತುಕೊಂಡರೆ ಕಚ್ಚುತ್ತಾಳೆ. ಹಿಂದಿನ ಪ್ಲೇಹೋಮಿನಲ್ಲಿ ಒಬ್ಬ ಹುಡುಗನಿಗೂ ಆಯಾಗೂ ಕಚ್ಚಿದಳು, ಅದಕ್ಕೇ ಬಿಡಿಸಿದರು. ಎದುರಿಗೆ ಕೂತು 'ಎತ್ತಲಾ?' ಎಂದು ಕೇಳಿದರೆ ಕೈ ಚಾಚುತ್ತಾಳೆ, ಇಲ್ಲವೇ ಬೇಡ ಎನ್ನುತ್ತಾಳೆ. ಬೇಡ ಎಂದರೆ ಬೇಡವೇ. ಒಂದು ದಿನ ನಿಮ್ಮ ಗೇಟಿನ ಹೊರಗೆ ನಿಂತಿದ್ದೆ. ಒಳಗೆ ಒಂದು ಮಗು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿತ್ತು. ನಿಮ್ಮ ಟೀಚರೊಬ್ಬರು ಪಕ್ಕದಲ್ಲಿ ಕೂತಿದ್ದರು. ಕೊನೆಯ ಗುಂಡಿಯವರೆಗೂ ಅವರು ಕೈ ಹಾಕಲಿಲ್ಲ. ಅದಕ್ಕೇ ಈ ಜಾಗ ನನ್ನ ಮಗಳಿಗೆ ಒಗ್ಗುತ್ತದೆ ಅನ್ನಿಸಿತು."

ಗಂಡ ಓದಿದ. ಅರ್ಧದವರೆಗೆ ತಲೆ ಆಡಿಸಿದವನು "ಕಚ್ಚುತ್ತಾಳೆ" ಬಂದ ಕಡೆ ನಿಂತುಬಿಟ್ಟ, ಕೊನೆಯವರೆಗೆ ಓದಿ ಮತ್ತೆ ಅಲ್ಲಿಗೇ ಬೆರಳಿಟ್ಟ.

"ಇದೊಂದು ತೆಗಿ."

"ತೆಗೆಯಲ್ಲ."

"ನಿನಗೇನು ತಲೆ ಕೆಟ್ಟಿದೆಯಾ? ನಮ್ಮ ಕೈಯಾರೆ ನಮ್ಮ ತಲೆ ಮೇಲೆ ಕಲ್ಲು ಹಾಕ್ಕೊಳ್ಳೋದಾ? ಕೊನೆಯ ಒಂದೆರಡು ಸಾಲು ಚೆನ್ನಾಗಿದೆ, ಗುಂಡಿ ಗಿಂಡಿ ಎಲ್ಲಾ. ಇದನ್ನ ಮಾತ್ರ ತೆಗಿ. ಸೇರಿದ್ಮೇಲೆ ಗೊತ್ತಾದ್ರೆ ಆಗಲಿ."

"ಸೇರಿದ್ಮೇಲೆ ಗೊತ್ತಾದ್ರೆ ಮತ್ತೆ ಬಾಗಿಲಲ್ಲಿ ನಿಲ್ಲಿಸಿ ಚೀಲ ಕೈಗೆ ಕೊಡ್ತಾರೆ. ಆವತ್ತು ಅಲ್ಲಿ ನಿಂತಿದ್ದು ನಾನು, ನೀವಲ್ಲ. ಅವಳು ಏನು ಮಾಡ್ತಿದ್ಲು ಗೊತ್ತಾ? ಶೂ ಹಾಕ್ಕೊಳ್ತಾ ಇದ್ಲು. ಒಬ್ಬಳೇ. ಎಲ್ಲರೂ ಅವಳ ತಲೆ ಮೇಲೆ ನಿಂತು ಬೈತಾ ಇದ್ರು."

ಗಂಡ ಹಾಳೆಯನ್ನು ಕಟ್ಟೆಯ ಮೇಲೆ ಇಟ್ಟು, "ಮಾಡು, ನಿನ್ನಿಷ್ಟ. ನಾಳೆ ಸೀಟು ಸಿಗದಿದ್ರೆ ನನ್ನ ಕೇಳಬೇಡ," ಎಂದು ಹೊರಗೆ ಹೋದ.

ಮರುದಿನ ಅವಳು ಪತ್ರ ಕೊಟ್ಟು ಬಂದಳು. ಎರಡು ದಿನಕ್ಕೆ ಫೋನ್ ಬಂತು. ಶನಿವಾರ ಬೆಳಿಗ್ಗೆ ಮಗುವನ್ನು ಕರೆತನ್ನಿ, ಸ್ವಲ್ಪ ಹೊತ್ತು ಜೊತೆಗಿರಿ, ಆಮೇಲೆ ನಾವು ಹೇಳಿದಾಗ ಹೊರಗೆ ಬೆಂಚಿನ ಮೇಲೆ ಕೂತಿರಿ ಎಂದರು. ಪತ್ರದ ಬಗ್ಗೆ ಒಂದು ಮಾತೂ ಇಲ್ಲ. ಕರೆದಿದ್ದಾರಲ್ಲ ಎಂದು ಖುಷಿಪಡುವುದೋ, ಕಚ್ಚುವ ಹುಡುಗಿ ಹೇಗಿರುತ್ತಾಳೆ ಎಂದು ನೋಡಲು ಕರೆದಿದ್ದಾರೋ ತಿಳಿಯದೆ ಅವಳು ಶನಿವಾರದವರೆಗೆ ಎಲ್ಲರ ಮೇಲೂ ಹರಿಹಾಯ್ದಳು. ಲ್ಯಾಬಿನಲ್ಲಿ ಸೂಜಿ ನೋಡಿ ಮುಖ ತಿರುಗಿಸಿದ ಗಂಡಸೊಬ್ಬನಿಗೂ ಬೈಗುಳ ಬಿತ್ತು.

ಶಾಲೆಯ ಕೋಣೆ ಉದ್ದಕ್ಕಿತ್ತು. ಗೋಡೆಗೆ ಮಕ್ಕಳ ಎತ್ತರಕ್ಕೆ ಚೀಲ ನೇತುಹಾಕುವ ಎರಡು ಸಾಲು ಕೊಕ್ಕೆಗಳು, ಮೂಲೆಯಲ್ಲಿ ಮಕ್ಕಳ ಎತ್ತರಕ್ಕೆ ನಲ್ಲಿ, ನೆಲದ ಮೇಲೆ ಮರದ ತುಂಡುಗಳು, ನೀರಿನ ತೊಟ್ಟಿ, ಮುಚ್ಚಳದ ಡಬ್ಬಿಗಳು. ತಾಯಿ ಡಬ್ಬಿಗಳನ್ನು ಎರಡೆರಡು ಸಲ ನೋಡಿದಳು. ಬೇಕೆಂದೇ ಇಟ್ಟಿದ್ದಾರೆ. ಅಂದರೆ ಓದಿದ್ದಾರೆ. ಮೆಣಸು ಯಾರ ಮುಖವನ್ನೂ ನೋಡದೆ ಸೀದಾ ಹೋಗಿ ಡಬ್ಬಿಗಳ ಮುಂದೆ ಕೂತಿತು. ಮುಖ್ಯ ಟೀಚರ್ ದೂರದಲ್ಲಿ ಕುರ್ಚಿ ಹಾಕಿಕೊಂಡು ಏನೋ ಬರೆದುಕೊಳ್ಳುತ್ತಿದ್ದರು. ಬೇರೆ ಮೂವರು ಮಕ್ಕಳೂ ಬಂದಿದ್ದರು. ಒಬ್ಬಳು ಹಾಡುತ್ತಿದ್ದಳು. ಅವಳಮ್ಮ ಪಕ್ಕದಲ್ಲಿ ನಿಂತು ಯಾರು ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಸುತ್ತಲೂ ನೋಡುತ್ತಿದ್ದಳು.

ಸ್ವಲ್ಪ ಹೊತ್ತಿನ ನಂತರ ಹೆತ್ತವರನ್ನೆಲ್ಲ ಹೊರಗೆ ಕಳಿಸಿದರು. ಗಂಡಹೆಂಡತಿ ಬೆಂಚಿನ ಎರಡು ತುದಿಗೆ ಕೂತರು. ಒಳಗಿನಿಂದ ನೀರು ಸುರಿಯುವ ಸದ್ದು, ನಗು, ಮರದ ತುಂಡುಗಳು ಉರುಳಿದ ಸದ್ದು ಬರುತ್ತಿತ್ತು. ಆಮೇಲೆ ಹೆಂಗಸೊಬ್ಬಳ ಕಿರುಚಾಟ.

"ಮುಗೀತು," ಎಂದ ಗಂಡ.

ಅವಳು ಎದ್ದಾಗಿತ್ತು. ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗುವಷ್ಟರಲ್ಲಿ ಏನೇನು ಹೇಳಬೇಕೆಂದು ಬಾಯಿಯಲ್ಲಿ ಸಾಲುಗಟ್ಟಿ ನಿಂತಿತ್ತು. ಬರೆದು ಕೊಟ್ಟಿದ್ದೆ. ಎದುರಿಗೆ ಕೂತು ಕೇಳಿ ಎಂದು ಬರೆದು ಕೊಟ್ಟಿದ್ದೆ. ಕನ್ನಡದಲ್ಲೇ ಬರೆದಿದ್ದೆ.

ನಲ್ಲಿಯ ಹತ್ತಿರ ಶಾಲೆಯ ಆಯಮ್ಮ ಎಡಗೈಯಿಂದ ಬಲಗೈ ಹಿಡಿದುಕೊಂಡು ನಿಂತಿದ್ದಳು. ಮೆಣಸು ನೆಲದ ಮೇಲೆ, ಬೆನ್ನು ಗೋಡೆಗೆ. ಅಳುತ್ತಿರಲಿಲ್ಲ. ಅಂಗಿಯ ಮುಂಭಾಗವೆಲ್ಲ ಒದ್ದೆ. ಕೈಯಲ್ಲಿ ಒಂದು ಮುಚ್ಚಳ.

"ಏನಾಯ್ತು?" ಎಂದಳು ತಾಯಿ. ದನಿ ಅವಳಿಗೇ ಒರಟಾಗಿ ಕೇಳಿಸಿತು.

"ಏನಾಗೋದು? ಅಂಗಿ ಒದ್ದೆಯಾಗಿತ್ತು, ಶೀತ ಆಗುತ್ತೆ ಅಂತ ಎತ್ಕೊಳಕ್ಕೆ ಹೋದೆ. ಕಚ್ಚಿಬಿಡ್ತು!" ಎಂದಳು ಆಯಮ್ಮ.

"ಹಿಂದಿನಿಂದ ಎತ್ತಿದ್ರಾ?"

"ಮತ್ತೆ ಎಲ್ಲಿಂದ ಎತ್ತಲಿ? ಈ ಕಡೆ ತಿರುಗಿ ಕೂತಿರಲಿಲ್ವಲ್ಲ!"

"ಹಾಗೆ ಎತ್ತಬೇಡಿ ಅಂತ ಬರೆದಿದ್ದೆ ನಾನು! ಬರೆದು ಕೈಗೆ ಕೊಟ್ಟಿದ್ದೆ!"

"ಬರೆದಿದ್ರಾ?" ಆಯಮ್ಮ ತಿರುಗಿ ಮುಖ್ಯ ಟೀಚರ ಮುಖ ನೋಡಿದಳು. ಈಗ ಅವಳ ಕೋಪ ಇವಳ ಕೋಪಕ್ಕಿಂತ ಒಂದು ಕೈ ಮೇಲೆ ಹೋಯಿತು. "ಬರೆದಿದ್ರಂತೆ ಮೇಡಂ. ನನಗ್ಯಾರು ಹೇಳಿದ್ರು? ನೀವು ಓದ್ತೀರಿ, ಟೀಚರು ಓದ್ತಾರೆ, ಕಪಾಟಲ್ಲಿಟ್ಟು ಬೀಗ ಹಾಕ್ತೀರಿ. ಎತ್ತೋದು ಯಾರು? ಮೂಗು ಒರೆಸೋದು, ಚಡ್ಡಿ ಬದಲಾಯಿಸೋದು ಯಾರು? ನಾನು. ಇದು ಕಚ್ಚುತ್ತೆ ಅನ್ನೋದು ಊರಿಗೆಲ್ಲ ಗೊತ್ತು, ಕಚ್ಚಿಸ್ಕೊಳ್ಳೋಳಿಗೆ ಮಾತ್ರ ಗೊತ್ತಿಲ್ಲ!"

ಹಾಡುತ್ತಿದ್ದ ಹುಡುಗಿ ಹಾಡು ನಿಲ್ಲಿಸಿದಳು. ತಾಯಿ ಬಾಯಿಯಲ್ಲಿ ಕೂಡಿಟ್ಟುಕೊಂಡು ಬಂದಿದ್ದ ಮಾತುಗಳಿಗೆ ಹೋಗಲು ಜಾಗವೇ ಇರಲಿಲ್ಲ. ಯಾರಿಗೆ ಹೇಳುವುದು? ಹೇಳಬೇಕಾದ್ದನ್ನೆಲ್ಲ ಆಯಮ್ಮನೇ ಹೇಳಿಬಿಟ್ಟಿದ್ದಳು.

ಮುಖ್ಯ ಟೀಚರ್ ಎದ್ದು ಬಂದರು. ಮುಖ ಕೆಂಪಾಗಿತ್ತು. "ತಪ್ಪು ನನ್ನದು," ಎಂದರು, ಸ್ವಲ್ಪ ಕಷ್ಟಪಟ್ಟೇ. "ಡಬ್ಬಿ ಇಡಿಸಿದೆ. ನಿನಗೆ ಹೇಳೋದು ಬಿಟ್ಟೆ."

"ಆ ಕಾಗದ ಕೊಡಿ," ಎಂದಳು ತಾಯಿ.

ಕಡತದಿಂದ ಪತ್ರ ಬಂತು. ಅವಳು ಅದನ್ನು ತೆಗೆದುಕೊಂಡು ಆಯಮ್ಮನ ಪಕ್ಕದಲ್ಲಿ, ನಲ್ಲಿಯ ಕಟ್ಟೆಯ ಮೇಲೆ ಕೂತು, ಮೊದಲಿನಿಂದ ಓದತೊಡಗಿದಳು. ಮೊದಲ ಸಾಲುಗಳನ್ನು ಕೋಪದಲ್ಲೇ ಓದಿದಳು. ಆಯಮ್ಮ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಕೇಳಿಸಿಕೊಂಡಳು. ಶೂ ಎಂದಾಗ ಮೆಣಸಿನ ಕಾಲು ನೋಡಿದಳು. ಕಿವಿ ತಿಕ್ಕಿಕೊಳ್ಳುತ್ತಾಳೆ ಎಂದಾಗ, "ನಮ್ಮದೂ ಹಂಗೇ ಮಾಡ್ತಿತ್ತು," ಎಂದು ಗೊಣಗಿ, ಹೋಲಿಕೆ ಬೇಡ ಎಂದು ಯಾರೂ ಹೇಳದಿದ್ದರೂ ಸುಮ್ಮನಾದಳು. ಕಚ್ಚುತ್ತಾಳೆ ಎಂಬ ಕಡೆ ಬಂದಾಗ ತಾಯಿ ತಡವರಿಸಿದಳು.

"ಓದಿ ಓದಿ. ಅದೇ ಬೇಕಾಗಿದ್ದು ನನಗೆ."

ಓದಿದಳು. ಎದುರಿಗೆ ಕೂತು ಕೇಳಬೇಕು ಎಂಬಲ್ಲಿಗೆ ಬಂದಾಗ ಆಯಮ್ಮ ನಲ್ಲಿ ನಿಲ್ಲಿಸಿ, ಸೊಂಟ ಹಿಡಿದುಕೊಂಡು, ಮಂಡಿ ಮಡಿಸಿ ಮೆಣಸಿನ ಎದುರಿಗೆ ಕೂತಳು. ಕೂರುವಾಗ ಅವಳ ಮಂಡಿ ಲಟಕ್ಕೆಂದಿತು.

"ಎತ್ಲಾ?"

ಮೆಣಸು ಅವಳ ಕೈಯ ಮೇಲಿನ ಹಲ್ಲಿನ ಗುರುತನ್ನು ಬಹಳ ಹೊತ್ತು ನೋಡಿತು. ಆಮೇಲೆ, "ಬೇಡ," ಎಂದಿತು. ಹೊಸಬರ ಜೊತೆ ಮೊದಲ ದಿನ ಮಾತಾಡುವುದಿಲ್ಲ ಎಂದು ಅಮ್ಮ ಬರೆದದ್ದು ಅಲ್ಲಿಗೆ ಸುಳ್ಳಾಯಿತು.

"ಬೇಡ್ವಾ? ಬೇಡ ಅಂದ್ರೆ ಬಿಡು. ಒದ್ದೆ ಅಂಗೀಲೇ ಇರು, ನನಗೇನು," ಎಂದಳು ಆಯಮ್ಮ. ಎದ್ದು ಹೋಗಿ ಒಣ ಅಂಗಿಯೊಂದನ್ನು ತಂದು, ಮಗುವಿನ ಕೈಗೆ ಎಟಕುವಷ್ಟು ದೂರದಲ್ಲಿ ನೆಲದ ಮೇಲೆ ಇಟ್ಟು, ಬೆನ್ನು ತಿರುಗಿಸಿ ನಿಂತಳು. ಮೆಣಸು ಮುಚ್ಚಳವನ್ನು ಕೆಳಗಿಟ್ಟಿತು. ಒದ್ದೆ ಅಂಗಿಯನ್ನು ತಲೆಯ ಮೇಲಿಂದ ಎಳೆಯಲು ಹೋಗಿ ಕತ್ತಿನಲ್ಲಿ ಸಿಕ್ಕಿಹಾಕಿಕೊಂಡಿತು. ತಾಯಿಯ ಕೈ ತಾನಾಗಿಯೇ ಮುಂದೆ ಹೋಯಿತು. ಆಯಮ್ಮ ತಿರುಗದೆಯೇ, "ಬರೆದಿದ್ದೀರಲ್ಲಮ್ಮಾ ನೀವೇ," ಎಂದಳು. ಕೈ ಹಿಂದೆ ಬಂತು.

ಬಾಗಿಲಲ್ಲಿ ನಿಂತಿದ್ದ ಗಂಡ ಇಷ್ಟು ಹೊತ್ತಿಗೆ ಧೈರ್ಯ ಮಾಡಿ ಒಳಗೆ ಬಂದಿದ್ದ. ಸೀಟಿನ ಮಾತು ಎಲ್ಲಿಗೆ ಬಂತು ಎಂದು ಅವನಿಗೆ ತಳಮಳ. ಶೋರೂಮಿನ ನಗುವನ್ನು ಮುಖದ ಮೇಲೆ ತಂದುಕೊಂಡು ಮುಖ್ಯ ಟೀಚರಿಗೆ ಹೇಳಿದ: "ಮೇಡಂ, ಪತ್ರದಲ್ಲಿ ಆ ಕಚ್ಚೋ ಸಾಲು ಇದೆಯಲ್ಲ, ಅದೊಂದನ್ನ ಬೇಕಿದ್ರೆ ಹೊಡೆದುಹಾಕಿ ಇನ್ನೊಂದು ಪ್ರತಿ ಬರೆದುಕೊಡ್ತೀವಿ. ದಾಖಲೆಗೆ ಚೆನ್ನಾಗಿರುತ್ತೆ."

"ನಿರ್ಧಾರ ಎಲ್ಲಾ ಪತ್ರದಲ್ಲಿ ತಿಳಿಸ್ತೀವಿ..." ಎಂದು ಮುಖ್ಯ ಟೀಚರ್ ಶುರುಮಾಡಿದರು.

ಆಯಮ್ಮ ಅವರನ್ನು ಮುಗಿಸಲು ಬಿಡಲಿಲ್ಲ. ತಾಯಿಯ ಕೈಯಿಂದ ಹಾಳೆಯನ್ನು ತೆಗೆದುಕೊಂಡಳು. ಅದನ್ನು ಮಡಿಸಿ, ತನ್ನ ಸೆರಗಿನ ತುದಿಗೆ ಸುತ್ತಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಹೊಡೆದುಹಾಕೋದಿದ್ರೆ ಅದೊಂದು ಸಾಲು ಬಿಟ್ಟು ಮಿಕ್ಕಿದ್ದೆಲ್ಲ ಹೊಡೆದುಹಾಕಿ ಸ್ವಾಮೀ," ಎಂದಳು. ದನಿಯಲ್ಲಿ ಕೋಪ ಇನ್ನೂ ಇಳಿದಿರಲಿಲ್ಲ. "ನನಗೆ ಬೇಕಾಗಿದ್ದು ಅದೇ. ಮೇಡಂ, ಇದಕ್ಕೆ ಯಾವ ಕೊಕ್ಕೆ ಕೊಡೋಣ? ಕೆಳಗಡೆದು ಕೊಡಿ. ಚೀಲ ಯಾರ ಕೈಗೂ ಕೊಡೋ ಪೈಕಿ ಅಲ್ಲ ಇದು."

ಮುಖ್ಯ ಟೀಚರ್ ಗೋಡೆಯ ಕಡೆ ಹೋಗಿ, ಕೆಳಗಿನ ಸಾಲಿನ ಖಾಲಿ ಕೊಕ್ಕೆಗಳನ್ನು ನೋಡತೊಡಗಿದರು. ಒಣ ಅಂಗಿಯೊಳಗಿಂದ ಮೆಣಸಿನ ತಲೆ ಹೊರಗೆ ಬಂತು. ಅಂಗಿ ಹಿಂದುಮುಂದಾಗಿತ್ತು. ತಾಯಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು.